ಸಂಬಳಕ್ಕೆ ಊರಿನ ಗ್ರೂಪ್ ನೋಡಿಕೊಳ್ಳುವುದು ಹೇಗೆ: ಒಪ್ಪಂದದಿಂದ ರಾತ್ರಿಯ ನಿದ್ದೆವರೆಗೆ, ಹಂತ ಹಂತವಾಗಿ

ಮಂಡ್ಯ, ಮೈಸೂರು ಕಡೆ ಊರಿನ ಸುದ್ದಿಯ ಫೇಸ್‌ಬುಕ್ ಗ್ರೂಪುಗಳನ್ನು ದುಡ್ಡಿಗೆ ನೋಡಿಕೊಳ್ಳುವ ಹುಡುಗ ಹುಡುಗಿಯರು ಆಗಾಗ ನನಗೆ ಫೋನ್ ಮಾಡುತ್ತಾರೆ. ಎಲ್ಲರದೂ ಒಂದೇ ಕಥೆ. "ದಿನಕ್ಕೆ ಒಂದು ಗಂಟೆ ಕೆಲಸ" ಅಂತ ಒಪ್ಪಿಕೊಂಡಿರುತ್ತಾರೆ, ಗ್ರೂಪಿಗೆ ಇಪ್ಪತ್ತು ನಿಯಮ ಬರೆದಿರುತ್ತಾರೆ, ಮೊದಲ ದೊಡ್ಡ ಜಗಳದಲ್ಲಿ ತಾವೇ ಕಾಮೆಂಟಿಗೆ ಇಳಿದಿರುತ್ತಾರೆ, ಮೂರನೇ ತಿಂಗಳಿಗೆ ನಿದ್ದೆ ಬರುತ್ತಿಲ್ಲ ಅಂತ ಬಿಟ್ಟಿರುತ್ತಾರೆ. ತಪ್ಪು ಹೆಚ್ಚಾಗಿ ಕೆಲಸದ ಕ್ರಮದಲ್ಲಿದೆ. ಆಮೇಲೆ ಮಾಡಬೇಕಾದ್ದನ್ನು ಮೊದಲು ಮಾಡುತ್ತಾರೆ. ಅದಕ್ಕೇ ಇದನ್ನು ಕ್ರಮವಾಗಿ ಬರೆಯುತ್ತಿದ್ದೇನೆ. ಉದಾಹರಣೆ ಎಲ್ಲಾ ಫೇಸ್‌ಬುಕ್ ಗ್ರೂಪಿನದು, ಯಾಕಂದರೆ ನಮ್ಮ ಕಡೆ ಈ ಕೆಲಸ ಜಾಸ್ತಿ ಸಿಗುವುದು ಅಲ್ಲೇ.

## 1. ಸಂಬಳ ಹೇಳುವ ಮೊದಲು ಒಂದು ವಾರ ಎಣಿಸಿ

ಗ್ರೂಪಿನ ಮಾಲೀಕರು "ಎಷ್ಟು ತಗೋತೀರಾ?" ಅಂತ ಕೇಳಿದ ಕೂಡಲೇ ಅಂಕಿ ಹೇಳಬೇಡಿ. ಒಂದು ವಾರ ಸಮಯ ಕೇಳಿ. ಬೇಕಿದ್ದರೆ ಆ ವಾರಕ್ಕೆ ಬೇರೆ ಸಣ್ಣ ಮೊತ್ತ ತಗೊಳ್ಳಿ. ಒಂದು ನೋಟ್‌ಬುಕ್ಕಿನಲ್ಲಿ ದಿನಕ್ಕೆ ಮೂರು ಲೆಕ್ಕ ಬರೆಯಿರಿ: ಎಷ್ಟು ಪೋಸ್ಟ್ ಬಂತು, ಎಷ್ಟನ್ನು ಸದಸ್ಯರು ರಿಪೋರ್ಟ್ ಮಾಡಿದರು, ಇನ್‌ಬಾಕ್ಸಿನಲ್ಲಿ ಎಷ್ಟು ದೂರು ಬಂತು.

ಒಂದು ಲೆಕ್ಕ ಹಾಕಿ ನೋಡೋಣ. ದಿನಕ್ಕೆ 120 ಪೋಸ್ಟ್, ಒಂದೊಂದಕ್ಕೆ ಅರ್ಧ ನಿಮಿಷ. ಅದಕ್ಕೇ ಒಂದು ಗಂಟೆ ಆಯ್ತು. ರಿಪೋರ್ಟ್ ಆದದ್ದು 30, ಒಂದೊಂದರ ಕೆಳಗಿನ ಕಾಮೆಂಟನ್ನೆಲ್ಲ ಓದಿ ತೀರ್ಮಾನಕ್ಕೆ ಬರಲು ಮೂರು ನಿಮಿಷ, ಅದು ಒಂದೂವರೆ ಗಂಟೆ. ದೂರುಗಳಿಗೆ ಉತ್ತರ ಬರೆಯಲು ಅರ್ಧ ಗಂಟೆ. ಒಟ್ಟು ಮೂರು ಗಂಟೆ. ವಾರಕ್ಕೊಂದು ರಜೆ ಹಿಡಿದು ತಿಂಗಳಿಗೆ 26 ದಿನ ಅಂದರೆ 78 ಗಂಟೆ. ಗಂಟೆಗೆ 200 ರೂಪಾಯಿ ಅಂತ ಇಟ್ಟುಕೊಂಡರೂ 15,600 ರೂಪಾಯಿ ಆಗುತ್ತದೆ. ಇದನ್ನೇ "ಒಂದು ಗಂಟೆ ಕೆಲಸ" ಅಂತ 5,000ಕ್ಕೆ ಒಪ್ಪಿಕೊಂಡವರನ್ನು ನಾನು ಬಲ್ಲೆ. ನೋಟ್‌ಬುಕ್ ತೋರಿಸಿ ಮಾತಾಡಿದರೆ ಮಾಲೀಕರೂ ಸುಮ್ನೆ ವಾದ ಮಾಡುವುದಿಲ್ಲ.

ಮಾಲೀಕರ ಜೊತೆಗಿನ ಒಪ್ಪಂದದ ಬರಹದಲ್ಲಿ ಇನ್ನೊಂದು ಸಾಲು ಸೇರಿಸಿಕೊಳ್ಳಿ: ಬಿಸಿ ದಿನಗಳಿಗೆ ಬೇರೆ ದರ. ಚುನಾವಣೆ, ದಸರಾ, ಕಾವೇರಿ ಗಲಾಟೆ, ಈ ಮೂರು ಬಂದಾಗ ನಮ್ಮ ಕಡೆಯ ಗ್ರೂಪುಗಳಲ್ಲಿ ಪೋಸ್ಟ್ ಎರಡು ಮೂರು ಪಟ್ಟು ಆಗುತ್ತದೆ. ಅದೇ ಸಂಬಳದಲ್ಲಿ ಅಷ್ಟನ್ನೂ ಹೊರಲು ಹೋದವರೇ ಮೊದಲು ಕುಸಿಯುವುದು.

## 2. ಕೀಲಿ ಯಾರ ಕೈಲಿದೆ ಅಂತ ಮೊದಲೇ ನೋಡಿ

ಫೇಸ್‌ಬುಕ್‌ನಲ್ಲಿ ಎರಡು ಪಟ್ಟ ಇವೆ, ಅಡ್ಮಿನ್ ಮತ್ತು ಮಾಡರೇಟರ್. ಮಾಡರೇಟರ್ ಆದವರು ಪೋಸ್ಟ್ ಒಪ್ಪಬಹುದು, ತೆಗೆಯಬಹುದು, ಸದಸ್ಯರನ್ನು ಹೊರಗೆ ಹಾಕಬಹುದು. ಗ್ರೂಪಿನ ಸೆಟ್ಟಿಂಗ್ ಬದಲಿಸುವ ಅಧಿಕಾರ ಮಾತ್ರ ಅಡ್ಮಿನ್‌ದು. ಹೆಚ್ಚಿನ ಮಾಲೀಕರು ನಿಮಗೆ ಮಾಡರೇಟರ್ ಪಟ್ಟ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ರಾತ್ರಿ ಒಂಬತ್ತಕ್ಕೆ ಬೆಂಕಿ ಹತ್ತಿದಾಗ ಎಲ್ಲಾ ಪೋಸ್ಟನ್ನೂ ತಡೆದು ನಿಲ್ಲಿಸುವ `Post approval` ಹಾಕಬೇಕು ಅಂದರೆ ಕೀಲಿ ಅವರ ಬಳಿ ಇರುತ್ತದೆ, ಅವರು ಮದುವೆ ಊಟದಲ್ಲಿರುತ್ತಾರೆ.

ಆದ್ದರಿಂದ ಎರಡರಲ್ಲಿ ಒಂದನ್ನು ಕೇಳಿ. ಅಡ್ಮಿನ್ ಪಟ್ಟ ಕೊಡಲಿ, ಇಲ್ಲವೇ ರಾತ್ರಿ 11ರವರೆಗೆ ಹತ್ತು ನಿಮಿಷದೊಳಗೆ ಫೋನ್ ಎತ್ತುವ ಒಬ್ಬ ಅಡ್ಮಿನ್ ಹೆಸರು ಬರೆದು ಕೊಡಲಿ. ಎರಡಕ್ಕೂ ಒಪ್ಪದಿದ್ದರೆ ನಾನಂತೂ ಆ ಕೆಲಸ ಹಿಡಿಯುವುದಿಲ್ಲ.

ನಿಮ್ಮ ಸ್ವಂತ ಖಾತೆಯನ್ನೂ ಈಗಲೇ ಗಟ್ಟಿ ಮಾಡಿಕೊಳ್ಳಿ. ಗೆಳೆಯರ ಪಟ್ಟಿ ಹೊರಗಿನವರಿಗೆ ಕಾಣದ ಹಾಗೆ ಮುಚ್ಚಿ. ಫೋನ್ ನಂಬರ್, ಊರು, ಮಕ್ಕಳ ಶಾಲೆ ಕಾಣುವ ಹಳೆಯ ಫೋಟೋ ಎಲ್ಲಾ ತೆಗೆಯಿರಿ. ಮಂಡ್ಯದಂಥ ಊರಿನಲ್ಲಿ ಬ್ಯಾನ್ ಆದವರು ನಿಮ್ಮ ಚಿಕ್ಕಪ್ಪನ ಪರಿಚಯದವರೇ ಆಗಿರುತ್ತಾರೆ, ಮನೆ ಬಾಗಿಲಿಗೆ ಬರಲು ಅರ್ಧ ದಿನ ಸಾಕು. ಸದಸ್ಯರಿಗೆ ನಿರ್ಧಾರ ತಿಳಿಸುವಾಗ "ನಾನು" ಅಂತ ಬರೆಯಬೇಡಿ, "ನಾವು" ಅಂತ ಬರೆಯಿರಿ.

## 3. ನಿಯಮ: ಆರೇ ಸಾಕು, ಆದರೆ ಇಬ್ಬರು ಓದಿದರೆ ಒಂದೇ ತೀರ್ಪು ಬರಬೇಕು

"ಎಲ್ಲರೂ ಗೌರವದಿಂದ ವರ್ತಿಸಿ" ಅಂತ ಬರೆದರೆ ನಿಯಮ ಬರೆದ ಹಾಗಾಗಲಿಲ್ಲ. ಗೌರವ ಅಂದರೆ ಏನು ಅಂತ ಪ್ರತಿ ಸಲವೂ ವಾದ ಶುರುವಾಗುತ್ತದೆ, ಆ ವಾದಕ್ಕೆ ನೀವೇ ಸಿಕ್ಕಿಬೀಳುತ್ತೀರಿ. ಒಂದು ನಿಯಮದಲ್ಲಿ ಎರಡು ಭಾಗ ಇರಬೇಕು: ಏನು ಮಾಡಬಾರದು, ಮಾಡಿದರೆ ಏನಾಗುತ್ತದೆ. ಉದಾಹರಣೆಗೆ ಹೀಗೆ:

"ಬೇರೆಯವರ ಫೋನ್ ನಂಬರ್, ಮನೆ ಅಥವಾ ಕೆಲಸದ ಜಾಗದ ವಿಳಾಸ, ಅವರ ಮಕ್ಕಳ ಫೋಟೋ ಹಾಕಬಾರದು. ಹಾಕಿದರೆ ತಕ್ಷಣ ತೆಗೆಯುತ್ತೇವೆ, 7 ದಿನ ಬರೆಯಲು ಆಗುವುದಿಲ್ಲ. ಎರಡನೇ ಸಲ ಆದರೆ ಗ್ರೂಪಿನಿಂದ ಹೊರಗೆ."

ನಮ್ಮ ಕಡೆಯ ಊರಿನ ಗ್ರೂಪಿಗೆ ತಪ್ಪದೇ ಬೇಕಾದ ಇನ್ನೊಂದು ನಿಯಮ ಅಪಘಾತದ ಫೋಟೋದ್ದು. ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ಏನಾದರೂ ಆದರೆ ಅರ್ಧ ಗಂಟೆಯಲ್ಲಿ ಫೋಟೋ ಗ್ರೂಪಿಗೆ ಬರುತ್ತದೆ, ಪೊಲೀಸರು ಮನೆಯವರಿಗೆ ಹೇಳುವ ಮೊದಲೇ. ಗಾಡಿ ನಂಬರ್ ನೋಡಿಯೇ ತಮ್ಮವರು ಅಂತ ಗೊತ್ತಾಗಿ ಗ್ರೂಪಿನಲ್ಲೇ ಅಳುತ್ತಾ ಬರೆದ ಒಬ್ಬ ತಂಗಿಯ ಕಾಮೆಂಟ್ ನಾನು ಓದಿದ್ದೇನೆ. ಆವತ್ತಿನಿಂದ ನಾನು ನೋಡುವ ಎಲ್ಲಾ ಗ್ರೂಪಿನಲ್ಲೂ ಹೀಗಿದೆ: ದೇಹ, ಗಾಯ, ಗಾಡಿ ನಂಬರ್ ಕಾಣುವ ಫೋಟೋ ಇಲ್ಲ, "ಇಂಥ ಕಡೆ ಟ್ರಾಫಿಕ್ ನಿಂತಿದೆ" ಅಂತ ಬರೆದರೆ ಸಾಕು. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಹೆಸರು, ಗುರುತು ಹೊರಗೆ ಹಾಕುವುದಂತೂ ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಂ ಪ್ರಕಾರ ಅಪರಾಧ. ಅದನ್ನು ಎಚ್ಚರಿಕೆ ಕೊಡುತ್ತಾ ಕೂರದೆ ನೇರ ತೆಗೆಯಿರಿ.

ನಿಯಮ ಬರೆದ ಮೇಲೆ ಪರೀಕ್ಷೆ ಮಾಡಿ. ಇದನ್ನು ಯಾರೂ ಮಾಡುವುದಿಲ್ಲ, ಆದರೆ ಅತಿ ಹೆಚ್ಚು ಜಗಳ ಉಳಿಸುವುದು ಇದೇ. ಗ್ರೂಪಿನ ಹಳೆಯ ಪೋಸ್ಟುಗಳಲ್ಲಿ ಕಿರಿಕಿರಿಯ 20 ಆರಿಸಿ. ನೀವು ಒಂದು ಹಾಳೆಯಲ್ಲಿ, ಮಾಲೀಕರು ಇನ್ನೊಂದು ಹಾಳೆಯಲ್ಲಿ, ಒಬ್ಬರದನ್ನೊಬ್ಬರು ನೋಡದೆ "ಇರಲಿ" ಅಥವಾ "ತೆಗೆಯಬೇಕು, ಇಂಥ ನಿಯಮ" ಅಂತ ಬರೆಯಿರಿ. ಎಲ್ಲಿ ಇಬ್ಬರ ಉತ್ತರ ಬೇರೆ ಬಂತೋ ಅಲ್ಲಿ ನಿಯಮದ ಮಾತು ಸಡಿಲವಾಗಿದೆ ಅಂತ ಅರ್ಥ. ನಾನು ಒಮ್ಮೆ ಮಾಡಿದಾಗ 20ರಲ್ಲಿ 8 ಬೇರೆ ಬಂತು, ಅದರಲ್ಲಿ 5 ಮಾಲೀಕರ ಗೆಳೆಯರ ಪೋಸ್ಟುಗಳೇ. ಆ ಮಾತನ್ನು ಕೆಲಸ ಶುರುವಾಗುವ ಮೊದಲೇ ಆಡಿ ಮುಗಿಸಿದ್ದು ಒಳ್ಳೆಯದಾಯಿತು.

ಪದಗಳ ಪಟ್ಟಿ ಮಾಡಿ ತಾನಾಗಿಯೇ ತಡೆಯುವ ಸೌಲಭ್ಯ ಇದೆ, ಆದರೆ ಅದನ್ನೇ ನಂಬಬೇಡಿ. ಮಂಡ್ಯದಲ್ಲಿ ಇಬ್ಬರು ಗೆಳೆಯರು "ಬಡ್ಡೀಮಗನೆ" ಅನ್ನದೆ ಮಾತೇ ಶುರು ಮಾಡುವುದಿಲ್ಲ. ಅದೇ ಪದ ಅಪರಿಚಿತನಿಗೆ ಬಿದ್ದರೆ ಹೊಡೆದಾಟ. ಯಂತ್ರಕ್ಕೆ ಎರಡೂ ಒಂದೇ. ಇನ್ನು ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವವರು ಒಂದು ಬೈಗುಳವನ್ನು ಐದಾರು ಥರ ಬರೆಯುತ್ತಾರೆ, ಎಲ್ಲವನ್ನೂ ಪಟ್ಟಿಗೆ ಸೇರಿಸಬೇಕು. ಜಾತಿ, ಭಾಷೆ, ಧರ್ಮ ಹಿಡಿದು ಹೀಯಾಳಿಸುವ ಪದಗಳನ್ನಷ್ಟೇ ಪಟ್ಟಿಗೆ ಹಾಕಿ. ಮಿಕ್ಕ ಬೈಗುಳಗಳನ್ನು ಕಣ್ಣಿಂದಲೇ ನೋಡಿ.

## 4. ಜಗಳ ಎದ್ದಾಗ: ಮೊದಲು ಬೀಗ, ಆಮೇಲೆ ಮಾತು

2023ರ ಸೆಪ್ಟೆಂಬರ್. ಕಾವೇರಿ ನೀರು ಬಿಡುವ ಆದೇಶದ ವಿರುದ್ಧ 23ಕ್ಕೆ ಮಂಡ್ಯ ಬಂದ್. ಅದೇ ವಾರದ ಒಂದು ರಾತ್ರಿ 8.40ಕ್ಕೆ ಒಬ್ಬರು ಕೆಆರ್‌ಎಸ್ ಗೇಟುಗಳಿಂದ ನೀರು ಧುಮುಕುವ ಫೋಟೋ ಹಾಕಿ "ಕತ್ತಲಲ್ಲಿ ಕದ್ದು ಬಿಡ್ತಾ ಇದಾರೆ ನೋಡಿ" ಅಂತ ಬರೆದರು. ನಾನು ನೋಡುವಷ್ಟರಲ್ಲಿ 9.05, ಕಾಮೆಂಟ್ 140. ತಮಿಳು ಹೆಸರಿನ ಒಬ್ಬ ಸದಸ್ಯರು "ಇದು ಹಳೇ ಫೋಟೋ" ಅಂತ ಕನ್ನಡದಲ್ಲೇ ಬರೆದಿದ್ದರು. ಎಲ್ಲರೂ ಅವರ ಮೇಲೆ ಮುಗಿಬಿದ್ದಿದ್ದರು. ಒಬ್ಬರು ಅವರ ಅಂಗಡಿ ಮೈಸೂರಿನಲ್ಲಿ ಯಾವ ರಸ್ತೆಯಲ್ಲಿದೆ ಅಂತ ಬರೆದುಬಿಟ್ಟಿದ್ದರು.

ಅದಕ್ಕೂ ಒಂದು ತಿಂಗಳ ಹಿಂದೆ ಇಂಥದ್ದೇ ಜಗಳದಲ್ಲಿ ನಾನು ಇಡೀ ಪೋಸ್ಟನ್ನು ಅಳಿಸಿದ್ದೆ. ಹತ್ತು ನಿಮಿಷದಲ್ಲಿ ಅದೇ ಫೋಟೋ ಐದು ಸಲ ಬಂತು, ಜೊತೆಗೆ "ಅಡ್ಮಿನ್ ದುಡ್ಡು ತಗೊಂಡಿದಾರೆ" ಅಂತ ಹೊಸ ಜಗಳ. ಹಾಗಾಗಿ ಈ ಸಲ ಕ್ರಮ ಬದಲಿಸಿದೆ. ಅಂದಿನಿಂದ ಇದೇ ಕ್ರಮ.

ಒಂದು, ಯಾರ ಮೈಮೇಲೆ ಅಪಾಯ ಇದೆಯೋ ಅದನ್ನು ತೆಗೆಯಿರಿ. ಅಂಗಡಿ ವಿಳಾಸದ ಕಾಮೆಂಟಿನ ಸ್ಕ್ರೀನ್‌ಶಾಟ್ ತಗೊಂಡೆ, ಹೆಸರು ಮತ್ತು ಸಮಯ ಕಾಣುವ ಹಾಗೆ. ಕೂಡಲೇ ಕಾಮೆಂಟ್ ತೆಗೆದೆ. ಮಿಕ್ಕ 139 ಕಾಮೆಂಟ್ ಇನ್ನೂ ಓದಿಲ್ಲ. ಅದು ಆಮೇಲೆ. ಸ್ಕ್ರೀನ್‌ಶಾಟ್ ಇಲ್ಲದೆ ಅಳಿಸಿದರೆ ನಾಳೆ "ನಾನು ಬರೆದೇ ಇಲ್ಲ" ಅನ್ನುತ್ತಾರೆ, ಪೊಲೀಸರಿಗೆ ದೂರು ಕೊಡಬೇಕಾದವರ ಕೈಯೂ ಬರಿದಾಗುತ್ತದೆ.

ಎರಡು, ಬೀಗ ಹಾಕಿ. ಪೋಸ್ಟಿನ ಮೇಲೆ `Turn off commenting` ಒತ್ತಿದೆ. ಹಿಂದೆಯೇ ಇಡೀ ಗ್ರೂಪಿಗೆ `Post approval` ಹಾಕಿದೆ. ಈಗ ಅದೇ ಫೋಟೋ ಮತ್ತೆ ಮತ್ತೆ ಬಂದರೂ ನನ್ನ ಮುಂದೆ ಸಾಲಾಗಿ ನಿಲ್ಲುತ್ತದೆ, ಜನರ ಮುಂದೆ ಹೋಗುವುದಿಲ್ಲ. ಎರಡಕ್ಕೂ ಸೇರಿ ಎರಡು ನಿಮಿಷ ಹಿಡಿಯಿತು. ಮೊದಲನೆಯದನ್ನು ಮಾತ್ರ ಮಾಡಿ ಎರಡನೆಯದನ್ನು ಮರೆಯುವುದು ಎಲ್ಲರೂ ಮಾಡುವ ತಪ್ಪು.

ಮೂರು, ಈಗ ವಿಷಯ ನೋಡಿ. ಕೆಆರ್‌ಎಸ್ ಪೂರ್ತಿ ಮಟ್ಟ 124.80 ಅಡಿ. ಜಲಾಶಯದ ಮಟ್ಟ ದಿನವೂ ಪ್ರಕಟ ಆಗುತ್ತದೆ, ಆ ವಾರ ಅದು 100 ಅಡಿಗಿಂತ ಕೆಳಗಿತ್ತು. ಫೋಟೋದಲ್ಲಿ ಮೇಲಿನ ಸಾಲಿನ ಗೇಟುಗಳಿಂದ ನೀರು ಬೀಳುತ್ತಿದೆ, ಕಟ್ಟೆ ತುಂಬುವ ಹಂತಕ್ಕೆ ಬಂದಾಗ ಮಾತ್ರ ಆಗುವಂಥದ್ದು. ಅಂದರೆ ಫೋಟೋ ತುಂಬಿದ ವರ್ಷದ್ದು. ಆದರೆ ಇಲ್ಲಿ ಹುಷಾರು. "ಫೋಟೋ ಹಳೆಯದು" ಅಂತ ಹೇಳುವುದಷ್ಟೇ ನಿಮ್ಮ ಕೆಲಸ. "ನೀರು ಬಿಡುತ್ತಲೇ ಇಲ್ಲ" ಅಂತ ಹೇಳಲು ಹೋಗಬೇಡಿ, ಕೆಳಗಿನ ತೂಬುಗಳಿಂದ ನೀರು ಹೋಗುವುದು ಬೇರೆ ಮಾತು. ನೀರು ಬಿಡಬೇಕೋ ಬೇಡವೋ ಅನ್ನುವ ವಾದಕ್ಕಂತೂ ಕಾಲಿಡಲೇಬೇಡಿ. ಕಬ್ಬು ಒಣಗುತ್ತಿರುವವರ ಸಿಟ್ಟಿಗೆ ಕಾರಣ ಇದೆ, ಅವರು ಅದನ್ನು ಆ ಗ್ರೂಪಿನಲ್ಲಿ ಹೇಳುವ ಹಾಗಿರಬೇಕು.

ನಾಲ್ಕು, ಗ್ರೂಪಿಗೆ ಒಂದೇ ಸೂಚನೆ. ಕಾಮೆಂಟ್ ಬಂದ್ ಆಗಿದ್ದರೂ ಅಡ್ಮಿನ್ ಹೊಸ ಪೋಸ್ಟಾಗಿ ಹಾಕಬಹುದು. ನಾನು ಹಾಕಿದ್ದು: "ರಾತ್ರಿ 8.40ರ ಕೆಆರ್‌ಎಸ್ ಫೋಟೋ ಈ ವರ್ಷದ್ದಲ್ಲ, ಜಲಾಶಯದ ಇವತ್ತಿನ ಮಟ್ಟಕ್ಕೆ ಅದು ಹೊಂದುವುದಿಲ್ಲ. ಒಬ್ಬ ಸದಸ್ಯರ ವಿಳಾಸ ಹಾಕಿದ್ದ ಕಾಮೆಂಟ್ ತೆಗೆದಿದ್ದೇವೆ. ಕಾವೇರಿ ಬಗ್ಗೆ ನಾಳೆ ಬೆಳಿಗ್ಗೆ 9ಕ್ಕೆ ಹೊಸ ಪೋಸ್ಟ್ ತೆರೆಯುತ್ತೇವೆ, ಅಲ್ಲಿ ಬರೆಯಿರಿ." ಯಾರ ಹೆಸರೂ ಇಲ್ಲ, ಬುದ್ಧಿಮಾತೂ ಇಲ್ಲ. ಮತ್ತೆ ತೆರೆಯುವ ಸಮಯ ಇದೆ. ಸಮಯ ಹೇಳದೆ ಬಾಗಿಲು ಹಾಕಿದರೆ ಜನ ಬೇರೆ ಗ್ರೂಪ್ ಮಾಡಿಕೊಂಡು ಅಲ್ಲಿ ಇನ್ನೂ ಜೋರಾಗಿ ಹೊಡೆದಾಡುತ್ತಾರೆ.

ಐದು, ಇನ್‌ಬಾಕ್ಸ್. ಮೊದಲು ಏಟು ತಿಂದವರಿಗೆ ಬರೆಯಿರಿ, ಆಮೇಲೆ ಏಟು ಕೊಟ್ಟವರಿಗೆ. ಅಂಗಡಿಯವರಿಗೆ ಬರೆದೆ: "ಸರ್, ನಿಮ್ಮ ವಿಳಾಸದ ಕಾಮೆಂಟ್ 9.07ಕ್ಕೆ ತೆಗೆದಿದ್ದೇವೆ. ಸ್ಕ್ರೀನ್‌ಶಾಟ್ ನಮ್ಮ ಬಳಿ ಇದೆ, ಪೊಲೀಸರಿಗೆ ದೂರು ಕೊಡುವುದಾದರೆ ಕಳಿಸುತ್ತೇವೆ. ಯಾರಾದರೂ ಅಂಗಡಿ ಹತ್ತಿರ ಬಂದರೆ 112ಕ್ಕೆ ಫೋನ್ ಮಾಡಿ." ಅವರು "ಮೂವತ್ತು ವರ್ಷದಿಂದ ಇಲ್ಲೇ ಇದೀನಿ ಕಣಮ್ಮ" ಅಂತಷ್ಟೇ ಉತ್ತರ ಬರೆದರು. ವಿಳಾಸ ಹಾಕಿದವರಿಗೆ: "ಸರ್, 9.02ಕ್ಕೆ ನೀವು ಹಾಕಿದ ಕಾಮೆಂಟಿನಲ್ಲಿ ಇನ್ನೊಬ್ಬ ಸದಸ್ಯರ ಅಂಗಡಿ ವಿಳಾಸ ಇತ್ತು. ಇದು 2ನೇ ನಿಯಮಕ್ಕೆ ವಿರುದ್ಧ. 7 ದಿನ ಇಲ್ಲಿ ಬರೆಯಲು ಆಗುವುದಿಲ್ಲ. ತೀರ್ಮಾನ ತಪ್ಪು ಅನಿಸಿದರೆ ನಾಳೆ 10 ಗಂಟೆ ಮೇಲೆ ಬರೆಯಿರಿ, ಬೇರೊಬ್ಬರು ನೋಡುತ್ತಾರೆ." ಅವರು ಬೈದು ಮೂರು ಮೆಸೇಜ್ ಕಳಿಸಿದರು. ಉತ್ತರ ಕೊಡಲಿಲ್ಲ. ರಾತ್ರಿ ಬರುವ ಬೈಗುಳಕ್ಕೆ ರಾತ್ರಿಯೇ ಉತ್ತರ ಕೊಡಬಾರದು, ಇದೊಂದನ್ನು ಬರೆದು ಗೋಡೆಗೆ ಅಂಟಿಸಿಕೊಳ್ಳಿ.

ಫೋಟೋ ಹಾಕಿದವರಿಗೆ ಶಿಕ್ಷೆ ಕೊಡಲಿಲ್ಲ. ಅವರಿಗೆ ಬಂದದ್ದನ್ನು ನಂಬಿ ಹಾಕಿದ್ದರು, ಹೇಳಿದ ಮೇಲೆ ತಾವೇ ತೆಗೆದರು. ಅದೇ ವಾರ ಎರಡನೇ ಸಲ ಮಾಡಿದ್ದರೆ ಬೇರೆ ಮಾತು.

ಆರು, ಬೆಳಿಗ್ಗೆ. ಹೇಳಿದ ಸಮಯಕ್ಕೆ ಪೋಸ್ಟ್ ತೆರೆದೆ. ಮೊದಲ ಒಂದು ಗಂಟೆ ಬೇರೆ ಕೆಲಸ ಇಟ್ಟುಕೊಳ್ಳದೆ ಅಲ್ಲೇ ಇದ್ದೆ. ಮೊದಲ ಇಪ್ಪತ್ತು ಕಾಮೆಂಟ್ ಹೇಗೆ ಹೋಗುತ್ತದೋ ಇಡೀ ದಿನ ಹಾಗೇ ಹೋಗುತ್ತದೆ, ಇದು ನಾನು ಪ್ರತಿ ಸಲ ಕಂಡಿದ್ದು. `Post approval` ಅನ್ನು ಎರಡು ದಿನ ಬಿಟ್ಟು ತೆಗೆದೆ.

## 5. ಸ್ಕ್ರೀನ್‌ಶಾಟ್ ಕೂಡ ತಗೊಳ್ಳಬಾರದ ಒಂದು ಸಂಗತಿ

ಮೇಲೆ ಸ್ಕ್ರೀನ್‌ಶಾಟ್ ಮೊದಲು ಅಂದೆ. ಮಕ್ಕಳ ಲೈಂಗಿಕ ಚಿತ್ರ ಬಂದರೆ ಮಾತ್ರ ಅದು ನಡೆಯುವುದಿಲ್ಲ. ಹೊಸಬರು ಗಾಬರಿಯಲ್ಲಿ ಅದನ್ನು ಸ್ಕ್ರೀನ್‌ಶಾಟ್ ಮಾಡಿ "ನೋಡಿ ಸರ್ ಇದು ಬಂದಿದೆ" ಅಂತ ಮಾಲೀಕರಿಗೆ ವಾಟ್ಸಾಪ್ ಮಾಡುತ್ತಾರೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಕಲಂ ಅಂಥ ಚಿತ್ರ ಇಳಿಸಿಕೊಳ್ಳುವುದು, ಸಂಗ್ರಹಿಸುವುದು, ಹಂಚುವುದು ಎಲ್ಲವನ್ನೂ ಅಪರಾಧ ಅನ್ನುತ್ತದೆ, ಮೊದಲ ಸಲಕ್ಕೇ 5 ವರ್ಷದವರೆಗೆ ಜೈಲು ಆಗಬಹುದು. ಪೋಸ್ಟಿನ ಲಿಂಕ್, ಹಾಕಿದ ಖಾತೆಯ ಲಿಂಕ್, ಸಮಯ, ಈ ಮೂರನ್ನು ಮಾತ್ರ ಕೈಯಲ್ಲಿ ಬರೆದುಕೊಳ್ಳಿ. ಫೇಸ್‌ಬುಕ್‌ಗೆ ರಿಪೋರ್ಟ್ ಮಾಡಿ, ಗ್ರೂಪಿನಿಂದ ತೆಗೆಯಿರಿ, `cybercrime.gov.in` ನಲ್ಲಿ ದೂರು ಹಾಕಿ. ಮಾಲೀಕರಿಗೆ ಬಾಯಲ್ಲಿ ಹೇಳಿ. ಆವತ್ತಿನ ಕೆಲಸ ಅಲ್ಲಿಗೆ ನಿಲ್ಲಿಸಿ ಎದ್ದುಬಿಡಿ, ಅದಕ್ಕೆ ಸಂಬಳ ಕಡಿಯುವ ಹಾಗಿಲ್ಲ ಅಂತ ಒಪ್ಪಂದದಲ್ಲೇ ಬರೆಸಿಕೊಂಡಿರಿ.

## 6. ನಿಮ್ಮ ತಲೆ ಉಳಿಸಿಕೊಳ್ಳುವುದು

ಈ ಭಾಗವನ್ನು ಕೊನೆಗೆ ಹಾಕಿದ್ದೇನೆ, ಆದರೆ ಮೊದಲ ದಿನವೇ ಶುರು ಮಾಡಬೇಕು. ಇದು "ಮನಸ್ಸು ಗಟ್ಟಿ ಮಾಡ್ಕೋ" ಅಂದರೆ ಹೋಗುವಂಥದ್ದಲ್ಲ. 2020ರಲ್ಲಿ ಫೇಸ್‌ಬುಕ್ ಕಂಪನಿ ತನ್ನ ಪೋಸ್ಟುಗಳನ್ನು ನೋಡಿ ತೆಗೆಯುವ ಕೆಲಸ ಮಾಡಿ ಮನಸ್ಸಿಗೆ ಪೆಟ್ಟು ತಿಂದ ಅಮೆರಿಕದ ಕೆಲಸಗಾರರಿಗೆ 5.2 ಕೋಟಿ ಡಾಲರ್ ಕೊಡಲು ಒಪ್ಪಿಕೊಂಡಿತು. ದಿನವಿಡೀ ಅದನ್ನೇ ನೋಡಿದವರಿಗೆ ಏನಾಗುತ್ತದೆ ಅಂತ ಅದರಿಂದ ತಿಳಿಯಿರಿ.

ಮೊದಲು ಫೋನ್ ಸರಿಮಾಡಿ. ವಿಡಿಯೋ ತಾನಾಗಿ ಓಡದ ಹಾಗೆ ಮಾಡಿ. ಧ್ವನಿ ಪೂರ್ತಿ ಬಂದ್, ಯಾಕಂದರೆ ಕಿರುಚಾಟ ಚಿತ್ರಕ್ಕಿಂತ ಜಾಸ್ತಿ ದಿನ ಕಿವಿಯಲ್ಲಿ ಉಳಿಯುತ್ತದೆ. ಅಪಘಾತದ ಫೋಟೋ ಬರುವ ದಿನ ಪರದೆಯನ್ನು ಕಪ್ಪು-ಬಿಳುಪು ಮಾಡಿ, ಅದಕ್ಕೆ ಫೋನಿನ ಸೆಟ್ಟಿಂಗ್‌ನಲ್ಲೇ ದಾರಿ ಇದೆ. ರಕ್ತ ಕೆಂಪಾಗಿ ಕಾಣದಿದ್ದರೆ ನಿರ್ಧಾರಕ್ಕೆ ಏನೂ ಕಡಿಮೆ ಆಗುವುದಿಲ್ಲ. ಚಿತ್ರವನ್ನು ದೊಡ್ಡದು ಮಾಡಿ ನೋಡಬೇಡಿ, ಸಣ್ಣ ಚೌಕದಲ್ಲೇ ತೀರ್ಮಾನ ಮಾಡಿ.

ಏನಾದರೂ ಕೆಟ್ಟದ್ದು ಕಣ್ಣಿಗೆ ಬಿದ್ದೇ ಬಿಟ್ಟರೆ ಸುಮ್ಮನೆ ಮಲಗಲು ಹೋಗಬೇಡಿ. 2009ರಲ್ಲಿ ಆಕ್ಸ್‌ಫರ್ಡ್ ಸಂಶೋಧಕರು ಭಯದ ದೃಶ್ಯ ನೋಡಿದವರಿಗೆ ಅರ್ಧ ಗಂಟೆ ಬಿಟ್ಟು ಟೆಟ್ರಿಸ್ ಆಡಿಸಿ ನೋಡಿದರು. ಆಡಿದವರಿಗೆ ಮುಂದಿನ ವಾರ ಆ ದೃಶ್ಯ ತಾನಾಗಿ ನೆನಪಿಗೆ ನುಗ್ಗಿದ್ದು ಕಡಿಮೆ. ಕಣ್ಣು ಕೈ ಎರಡಕ್ಕೂ ಕೆಲಸ ಕೊಡುವ ಆಟ ಅದು. ನಾನು ಹತ್ತು ನಿಮಿಷ ಆಡುತ್ತೇನೆ. ನನ್ನ ಜೊತೆ ಕೆಲಸ ಮಾಡುವ ಅಕ್ಕ ರಂಗೋಲಿ ಚುಕ್ಕಿ ಇಡುತ್ತಾರೆ, ಅವರಿಗೆ ಅದೇ ಹಿಡಿಸಿದೆ. ಇದು ಔಷಧಿ ಅಂತ ಅಂದುಕೊಳ್ಳಬೇಡಿ, ಆವತ್ತಿನ ರಾತ್ರಿಗೊಂದು ಆಸರೆ.

ಸಮಯಕ್ಕೆ ಬೇಲಿ ಹಾಕಿ. ಮೂರು ಗಂಟೆ ಅಂದರೆ ಒಂದೊಂದು ಗಂಟೆಯ ಮೂರು ಪಾಳಿ, ಕೊನೆಯದು ರಾತ್ರಿ 9.30ಕ್ಕೆ ಮುಗಿಯಬೇಕು. ಬಿಸಿ ದಿನಗಳಿಗೆ ಇನ್ನೊಬ್ಬರು ಬೇಕೇ ಬೇಕು. ಒಬ್ಬರೇ ಇದ್ದರೆ 9.30 ಆದ ಮೇಲೆ `Post approval` ಹಾಕಿ ಮಲಗಿ, ಬೆಳಿಗ್ಗೆ ನೋಡಿದರೆ ಆಯ್ತು. ಸದಸ್ಯರಿಗೂ ಇದನ್ನು ನಿಯಮದ ಜೊತೆಗೇ ಹೇಳಿಬಿಡಿ.

ಅಪಾಯದ ಗುರುತು ಎಲ್ಲಿ ಮೊದಲು ಕಾಣುತ್ತದೆ ಗೊತ್ತಾ? ನಿಮ್ಮ ಮುಖಕ್ಕಿಂತ ಮೊದಲು ಗ್ರೂಪಿನ `Activity log` ನಲ್ಲಿ. ಯಾವ ಹೊತ್ತಿಗೆ ಯಾರನ್ನು ತೆಗೆದಿರಿ ಅಂತ ಎಲ್ಲಾ ಅಲ್ಲಿರುತ್ತದೆ. ತಿಂಗಳಿಗೊಮ್ಮೆ ಕೂತು ನೋಡಿ. ಮೊದಲ ತಿಂಗಳಲ್ಲಿ ಎಚ್ಚರಿಕೆ ಕೊಟ್ಟು ಬಿಡುತ್ತಿದ್ದ ತಪ್ಪಿಗೆ ಈಗ ನೇರ ಹೊರಗೆ ಹಾಕುತ್ತಿದ್ದೀರಾ? ಅದೂ ರಾತ್ರಿ ಹತ್ತರ ಮೇಲೇ ಜಾಸ್ತಿಯಾ? ಹಾಗಿದ್ದರೆ ಸದಸ್ಯರು ಕೆಟ್ಟಿಲ್ಲ, ನೀವು ದಣಿದಿದ್ದೀರಿ. ನನಗೆ ಹೀಗೆ ಕಂಡ ತಿಂಗಳು ಎಂಟು ಜನರನ್ನು ವಾಪಸ್ ಕರೆದು ಕ್ಷಮೆ ಕೇಳಿ, ಹತ್ತು ದಿನ ರಜೆ ತಗೊಂಡೆ.

ಮನೆಯಲ್ಲಿ ಕಾಣುವ ಗುರುತೂ ಇವೆ. ಊಟದ ತಟ್ಟೆ ಮುಂದೆ ಫೋನ್ ತಿರುಗಿಸಿ ತಿರುಗಿಸಿ ನೋಡುವುದು, ಮಗು ಕರೆದರೆ ರೇಗುವುದು, ಕಣ್ಣು ಮುಚ್ಚಿದರೆ ನೋಡಿದ ಫೋಟೋ ಬರುವುದು, ರಸ್ತೆಯಲ್ಲಿ ಅಪರಿಚಿತರನ್ನು ಕಂಡರೆ "ಇವರೂ ಅವರ ಥರವೇ" ಅನಿಸುವುದು. ಇದು ಎರಡು ವಾರ ಹೋಗದಿದ್ದರೆ ಕೆಲಸ ನಿಲ್ಲಿಸಿ ಯಾರಿಗಾದರೂ ತೋರಿಸಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನೇರ ಹೋಗುವುದಾದರೆ ಮಂಡ್ಯದ ಮಿಮ್ಸ್, ಮೈಸೂರಿನ ಕೆ.ಆರ್. ಆಸ್ಪತ್ರೆ ಎರಡರಲ್ಲೂ ಮನೋರೋಗ ವಿಭಾಗ ಇದೆ. ವೈದ್ಯರಿಗೆ "ನಿದ್ದೆ ಬರಲ್ಲ" ಅಂತ ಮಾತ್ರ ಹೇಳಬೇಡಿ. ದಿನಕ್ಕೆ ಎಷ್ಟು ಗಂಟೆ, ಎಂಥ ಫೋಟೋ, ಎಷ್ಟು ತಿಂಗಳಿಂದ ನೋಡುತ್ತಿದ್ದೀರಿ ಅಂತ ಬಿಡಿಸಿ ಹೇಳಿ. ಮೊದಲ ವಾರ ಎಣಿಸಿದ ಆ ನೋಟ್‌ಬುಕ್ ಇದ್ದರೆ ಅದನ್ನೇ ತಗೊಂಡು ಹೋಗಿ.